ದೀಪ ಉರಿಯುತ್ತಿತ್ತು

ಮಲೆನಾಡಿನಲ್ಲಿ ಬಹಳ ದಿನ ಬಳಸದೆ ಬಿಟ್ಟ ಬಾವಿಗೆ ಇಳಿಯುವ ಮೊದಲು ಲಾಟೀನನ್ನು ಹಗ್ಗಕ್ಕೆ ಕಟ್ಟಿ ತಳದವರೆಗೆ ಇಳಿಸಿ ನೋಡುವ ರೂಢಿಯಿದೆ. ದೀಪ ಆರಿದರೆ ಅಂದು ಯಾರೂ ಇಳಿಯುವುದಿಲ್ಲ. ಗಾಳಿಯಲ್ಲಿ ಆಮ್ಲಜನಕ ಸಾಮಾನ್ಯವಾಗಿ ಶೇಕಡಾ 21ರಷ್ಟಿರುತ್ತದೆ; ಅದು 16-17ರ ಆಸುಪಾಸಿಗೆ ಇಳಿದರೆ ಜ್ವಾಲೆ ಆರಿಹೋಗುತ್ತದೆ. ಹಾಗಾಗಿ ಬಾವಿಯ ಮಟ್ಟಿಗೆ ಈ ಪರೀಕ್ಷೆಗೆ ಅರ್ಥವಿದೆ. ಆದರೆ ಇದೇ ರೂಢಿ ಬಾವಿಯಿಂದ ಮ್ಯಾನ್‌ಹೋಲ್‌ಗೆ ಬಂದುಬಿಟ್ಟಿದೆ. ಅಲ್ಲಿ ಅದು ಎಷ್ಟು ಸುಳ್ಳು ಹೇಳುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಒಳಚರಂಡಿ ಕೆಲಸದ ಕಿರಿಯ ಇಂಜಿನಿಯರ್ ಆಗಿದ್ದ ಕಾಲ. ಶಿವಮೊಗ್ಗದ ಹಳೆಯ ಪೇಟೆಯ ಹಿಂದಿನ ಒಂದು ಕಿರಿದಾದ ಓಣಿಯಲ್ಲಿ, ಮೇ ತಿಂಗಳ ಕೊನೆಯಲ್ಲಿ, ಲೈನ್ ಕಟ್ಟಿಕೊಂಡು ಕೊಳಚೆ ಮನೆಗಳ ಬಾಗಿಲಿಗೆ ಬಂದಿತ್ತು. ಗುತ್ತಿಗೆದಾರರು ಇಬ್ಬರನ್ನು ಕಳಿಸಿದ್ದರು. ಮೇಲಿನ ನೀರನ್ನು ಪಂಪಿನಿಂದ ತೆಗೆದ ಮೇಲೆ ತಳದಲ್ಲಿ ಮೊಣಕಾಲುದ್ದ ಹೂಳು ಉಳಿದಿತ್ತು. ಅವರಲ್ಲಿ ಹಿರಿಯರು ಲಾಟೀನು ಇಳಿಸಿದರು. ಅದು ಚೆನ್ನಾಗಿಯೇ ಉರಿಯಿತು. "ದೀಪ ಉರೀತೈತೆ ಸಾರ್, ಗಾಳಿ ಐತೆ" ಎಂದು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದರು. ನಾನು ತಡೆಯಲಿಲ್ಲ. ಅವರು ಅಡಿಕೆ ದಬ್ಬೆಯಿಂದ ಹೂಳನ್ನು ನಾಲ್ಕೈದು ಸಲ ಕೆದಕಿದರು. ಒಮ್ಮೆ ತಲೆಯೆತ್ತಿ "ವಾಸನೆ ಹೋಯ್ತು" ಎಂದರು. ಮರುಕ್ಷಣ ಗೋಡೆಗೆ ಒರಗಿ ಕುಸಿದರು. ಮೇಲಿದ್ದವರು ಹಗ್ಗ ಬಿಡದಿದ್ದುದರಿಂದ, ನಾವು ಮೂರು ಜನ ಸೇರಿ ಎಳೆದುದರಿಂದ, ಅವರು ಬದುಕಿದರು. ಹಗ್ಗವಿಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು ಇಂದಿಗೂ ಯೋಚಿಸಲಾರೆ.

ಅಲ್ಲಿ ನಡೆದದ್ದೇನೆಂದು ನಾನು ಸರಿಯಾಗಿ ಅರ್ಥಮಾಡಿಕೊಂಡದ್ದು ಆಮೇಲೆ. ನಮ್ಮ ಕಡೆಯ ಮನೆಗಳಲ್ಲಿ ಗೋಬರ್ ಗ್ಯಾಸ್ ಬಲ್ಲವರಿಗೆ ಇದನ್ನು ಹೇಳುವುದು ಸುಲಭ. ಸಗಣಿ ಗಾಳಿಯಿಲ್ಲದ ಕಡೆ ಕೊಳೆತು ಒಲೆ ಉರಿಸುವ ಮೀಥೇನ್ ಹುಟ್ಟುತ್ತದಲ್ಲ, ಕಟ್ಟಿಕೊಂಡ ಚರಂಡಿಯ ಹೂಳಿನಲ್ಲಿಯೂ ಅದೇ ನಡೆಯುತ್ತದೆ. ಜೊತೆಗೆ ಇನ್ನೊಂದು ಬಗೆಯ ಬ್ಯಾಕ್ಟೀರಿಯಾಗಳು ನೀರಿನಲ್ಲಿರುವ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಆಗಿಸುತ್ತವೆ. ಕೊಳೆತ ಮೊಟ್ಟೆಯ ವಾಸನೆ ಇದರದೇ. ನೀರು ಹರಿಯುತ್ತಿದ್ದರೆ ಈ ಕೆಲಸ ನಿಧಾನ. ಬೇಸಿಗೆಯ ಕಾವಿನಲ್ಲಿ, ನೀರು ಕಡಿಮೆಯಾಗಿ ಲೈನ್ ಕಟ್ಟಿಕೊಂಡಾಗ ಅದು ಜೋರು. ಹೀಗೆ ಹುಟ್ಟಿದ ಅನಿಲದ ಬಹುಪಾಲು ಗಾಳಿಗೆ ಬರದೆ ಹೂಳಿನೊಳಗೂ ಕೊಳಚೆ ನೀರಿನಲ್ಲೂ ಸಿಕ್ಕಿಕೊಂಡಿರುತ್ತದೆ. ಸೋಡಾ ಬಾಟಲಿಯನ್ನು ಅಲುಗಾಡಿಸಿದಂತೆ, ದಬ್ಬೆಯಿಂದ ಕೆದಕಿದಾಗ ಅದು ಒಮ್ಮೆಗೇ ಹೊರನುಗ್ಗುತ್ತದೆ. ಅಂದರೆ ಲಾಟೀನು ಇಳಿಸಿದಾಗ ಅಪಾಯ ಗಾಳಿಯಲ್ಲಿ ಇರಲೇ ಇಲ್ಲ. ಅದು ಆ ಮನುಷ್ಯನ ಕಾಲಡಿಯಲ್ಲಿ ಇತ್ತು. ಮುಚ್ಚಳ ತೆಗೆದು ಒಂದು ಗಂಟೆ ಬಿಟ್ಟರೆ ಗ್ಯಾಸ್ ಹೋಗುತ್ತದೆ ಎಂಬ ನಂಬಿಕೆಯೂ ಇದೇ ಕಾರಣಕ್ಕೆ ಕೈಕೊಡುತ್ತದೆ. ಗ್ಯಾಸ್ ಮೀಟರ್ ಕೂಡ ಇಳಿಯುವ ಮೊದಲು ಸೊನ್ನೆ ತೋರಿಸಿ, ಕೆದಕಿದ ಮೇಲೆ ಕೂಗಿಕೊಳ್ಳಬಹುದು. ಅಷ್ಟರಲ್ಲಿ ಮನುಷ್ಯ ಹತ್ತಡಿ ಕೆಳಗಿರುತ್ತಾನೆ.

ಎಷ್ಟು ಅನಿಲ ಸಾಕು ಎಂದು ಒಮ್ಮೆ ಲೆಕ್ಕ ಹಾಕಿದೆ. ಒಂದು ಮೀಟರ್ ಅಗಲ, ಮೂರು ಮೀಟರ್ ಆಳದ ದುಂಡನೆಯ ಮ್ಯಾನ್‌ಹೋಲ್‌ನಲ್ಲಿ ಸುಮಾರು 2,350 ಲೀಟರ್ ಗಾಳಿ ಹಿಡಿಯುತ್ತದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ 500 ಭಾಗ ಹೈಡ್ರೋಜನ್ ಸಲ್ಫೈಡ್ ಇದ್ದರೆ ಮನುಷ್ಯ ಕೆಲವೇ ನಿಮಿಷಗಳಲ್ಲಿ ಕುಸಿಯುತ್ತಾನೆ. 1,000 ಭಾಗವಾದರೆ ಒಂದೆರಡು ಉಸಿರೇ ಸಾಕಾಗಬಹುದು. ಆ 500 ಭಾಗಕ್ಕೆ ಇಡೀ ಮ್ಯಾನ್‌ಹೋಲ್‌ಗೆ ಬೇಕಾದ ಅನಿಲ ಹೆಚ್ಚುಕಡಿಮೆ 1.2 ಲೀಟರ್. ನಾವು ಬಸ್ಸಿನಲ್ಲಿ ಕೊಳ್ಳುವ ಒಂದು ನೀರಿನ ಬಾಟಲಿಗಿಂತ ತುಸು ಹೆಚ್ಚು, ಅಷ್ಟೇ. ಮೊಣಕಾಲುದ್ದ ಹೂಳಿಗೆ ಅದೊಂದು ದೊಡ್ಡ ವಿಷಯವಲ್ಲ. ಅಷ್ಟು ಅನಿಲ ಬೆರೆತ ಗಾಳಿಯಲ್ಲಿ ಆಮ್ಲಜನಕ ಲೆಕ್ಕಕ್ಕೆ ಸಿಗುವಷ್ಟೂ ಕಡಿಮೆಯಾಗಿರುವುದಿಲ್ಲ, ಆದ್ದರಿಂದ ದೀಪ ಉರಿಯುತ್ತಲೇ ಇರುತ್ತದೆ. ಇನ್ನು ಮೀಥೇನ್ ಶೇಕಡಾ 5ರಿಂದ 15ರಷ್ಟು ಸೇರಿಕೊಂಡಿದ್ದ ಕಡೆ ಅದೇ ದೀಪ ಇಳಿಸಿದರೆ ಸ್ಫೋಟವಾಗುತ್ತದೆ.

"ವಾಸನೆ ಹೋಯ್ತು" ಎಂದರಲ್ಲ, ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಆ ಮಾತು. ಈ ಅನಿಲ ಅತ್ಯಲ್ಪ ಇದ್ದಾಗ ಮೂಗಿಗೆ ಬಹಳ ಬೇಗ ತಿಳಿಯುತ್ತದೆ. ಆದರೆ ಹತ್ತು ಲಕ್ಷಕ್ಕೆ 100-150 ಭಾಗ ದಾಟುತ್ತಿದ್ದಂತೆ ವಾಸನೆ ಗ್ರಹಿಸುವ ನರವೇ ಸೋತುಹೋಗುತ್ತದೆ. ಅನಿಲ ಹೆಚ್ಚುತ್ತಿರುವಾಗ ಒಳಗಿರುವವನಿಗೆ ಅದು ಕಡಿಮೆಯಾದಂತೆ ಅನಿಸುತ್ತದೆ. ದೇಹದೊಳಗೆ ಅದು ಜೀವಕೋಶಗಳು ಆಮ್ಲಜನಕ ಬಳಸಿಕೊಳ್ಳುವ ಕಿಣ್ವವನ್ನೇ ತಡೆಯುತ್ತದೆ. ಶ್ವಾಸಕೋಶಕ್ಕೆ ಗಾಳಿ ಬರುತ್ತಿದ್ದರೂ ಮಿದುಳಿಗೆ ಅದರಿಂದ ಪ್ರಯೋಜನವಿಲ್ಲ. ಆದ್ದರಿಂದಲೇ ಅವನು ಕೂಗುವುದಿಲ್ಲ, ಏಣಿ ಹಿಡಿಯಲು ಯತ್ನಿಸುವುದಿಲ್ಲ, ಸುಮ್ಮನೆ ಕುಸಿಯುತ್ತಾನೆ. ಮೇಲಿರುವವರಿಗೆ ಅದು ತಲೆಸುತ್ತಿ ಬಿದ್ದಂತೆ ಕಾಣುತ್ತದೆ, ಎತ್ತಿಕೊಳ್ಳಲು ಇನ್ನೊಬ್ಬ ಇಳಿಯುತ್ತಾನೆ. 2015ರಲ್ಲಿ ಕೋಝಿಕ್ಕೋಡ್‌ನಲ್ಲಿ ಮ್ಯಾನ್‌ಹೋಲ್‌ನೊಳಗೆ ಸಿಲುಕಿದ ಇಬ್ಬರು ಕಾರ್ಮಿಕರನ್ನು ಉಳಿಸಲು ದಾರಿಯಲ್ಲಿದ್ದ ಆಟೋ ಚಾಲಕರೊಬ್ಬರು ಇಳಿದರು, ಮೂವರೂ ತೀರಿಕೊಂಡರು. ಹಗ್ಗವಿಲ್ಲದೆ ಬಿದ್ದವರನ್ನು ಕಂಡಾಗ ನಾವು ಮಾಡಬಾರದ ಮೊದಲ ಕೆಲಸ ಇಳಿಯುವುದು.

ಒಳ್ಳೆಯ ಮಾಸ್ಕ್ ಕೊಟ್ಟು ಇಳಿಸಿದರಾಯಿತಲ್ಲ ಎಂದು ಹಲವರು ಕೇಳುತ್ತಾರೆ. ಬಟ್ಟೆಯ ಮಾಸ್ಕ್ ಅನಿಲವನ್ನು ತಡೆಯುವುದಿಲ್ಲ. ಅನಿಲ ಹೀರುವ ಡಬ್ಬಿಯುಳ್ಳ ಮಾಸ್ಕ್ ಆಮ್ಲಜನಕ ಕೊಡುವುದಿಲ್ಲ. ನಿಜಕ್ಕೂ ಕಾಪಾಡುವುದು ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಿಂದಲೋ ಬೆನ್ನ ಮೇಲಿನ ಸಿಲಿಂಡರಿನಿಂದಲೋ ಕೊಡುವ ಸಲಕರಣೆ ಮಾತ್ರ. ಎರಡಡಿಗೂ ಕಡಿಮೆ ಅಗಲದ ಮ್ಯಾನ್‌ಹೋಲ್ ಬಾಯಿಯಲ್ಲಿ ಆ ಸಿಲಿಂಡರ್ ಹೊತ್ತು ಇಳಿಯುವುದು, ಕುಸಿದವರನ್ನು ಅದೇ ಬಾಯಿಯಿಂದ ಎತ್ತುವುದು, ಎರಡೂ ಎಷ್ಟು ಕಷ್ಟವೆಂದು ಒಮ್ಮೆ ಬಾಯಿಯ ಬಳಿ ನಿಂತು ನೋಡಿದವರಿಗೆ ತಿಳಿಯುತ್ತದೆ. ಸುರಕ್ಷಿತವಾಗಿ ಇಳಿಸುವ ದಾರಿ ಹುಡುಕುವುದಕ್ಕಿಂತ, ಇಳಿಯದೆ ಮಾಡುವ ದಾರಿಯನ್ನೇ ಹಿಡಿಯಬೇಕೆಂದು ನಾನು ಹೇಳುವುದು ಇದಕ್ಕೇ.

ಆ ದಾರಿ ಹೊಸದೇನಲ್ಲ. ಅಂದು ನಾವು ತುಂಬಿದ ಮ್ಯಾನ್‌ಹೋಲ್‌ಗೇ ಮನುಷ್ಯನನ್ನು ಇಳಿಸಿದೆವು. ಜೆಟ್ಟಿಂಗ್ ಯಂತ್ರದ ಕೆಲಸ ಇದಕ್ಕೆ ವಿರುದ್ಧ ತುದಿಯಿಂದ ಶುರುವಾಗುತ್ತದೆ. ಕಟ್ಟಿಕೊಂಡ ಜಾಗದ ಕೆಳಗಿನ, ಅಂದರೆ ನೀರು ಹರಿದುಹೋಗುವ ದಿಕ್ಕಿನ, ಒಣಗಿರುವ ಮ್ಯಾನ್‌ಹೋಲ್‌ನಿಂದ ಪೈಪಿನ ತುದಿಯ ನಾಝಲ್ ಒಳಹೋಗುತ್ತದೆ. ಅದರ ಹಿಂಬದಿಯ ತೂತುಗಳಿಂದ ಚಿಮ್ಮುವ ನೀರೇ ಅದನ್ನು ಮೇಲ್ಮುಖವಾಗಿ ಮುಂದಕ್ಕೆ ತಳ್ಳುತ್ತದೆ, ಕಡಿದುಬಿದ್ದ ಹೂಳನ್ನು ಹಿಂದಕ್ಕೆ ತರುತ್ತದೆ. ಹೊರಬಂದ ಹೂಳನ್ನು ಸಕ್ಕಿಂಗ್ ಯಂತ್ರ ಟ್ಯಾಂಕಿಗೆ ಎಳೆದುಕೊಳ್ಳುತ್ತದೆ. ಆಗಲೂ ಅನಿಲ ಹೊರಬರುತ್ತದೆ, ಆದ್ದರಿಂದ ಮೇಲಿರುವವರು ಬಾಯಿಗೆ ಬಗ್ಗದೆ ದೂರ ನಿಲ್ಲಬೇಕು. ಯಂತ್ರದ ಲಾರಿ ಹೋಗದ ಓಣಿಗಳಿಗೆಂದು ಹೈದರಾಬಾದಿನಲ್ಲಿ 2017ರಿಂದ ಚಿಕ್ಕ ಜೆಟ್ಟಿಂಗ್ ವಾಹನಗಳು ಓಡಾಡುತ್ತಿವೆ. ತಳದ ಹೂಳನ್ನು ಬಾಚಿ ಎತ್ತುವ ರೋಬೋಟನ್ನು ತಿರುವನಂತಪುರದ ಜೆನ್‌ರೋಬೋಟಿಕ್ಸ್ 2018ರಲ್ಲಿಯೇ ಕೆಲಸಕ್ಕಿಳಿಸಿತು.

ಹಾಗಾದರೆ ಯಂತ್ರ ಇದ್ದ ಊರಿನಲ್ಲಿಯೂ ಮನುಷ್ಯ ಇಳಿಯುವುದೇಕೆ? ನನ್ನ ಅನುಭವದಲ್ಲಿ ಯಂತ್ರ ಸೋಲುವುದು ಬಹಳ ಸಣ್ಣ ಕಾರಣಗಳಿಗೆ. ರಸ್ತೆಗೆ ಮತ್ತೆ ಮತ್ತೆ ಡಾಂಬರು ಹಾಕುವಾಗ ಮುಚ್ಚಳ ಅಡಿಗೆ ಹೋಗುತ್ತದೆ, ಕೆಳಗಿನ ಮ್ಯಾನ್‌ಹೋಲ್ ಎಲ್ಲಿದೆಯೆಂದೇ ಗೊತ್ತಾಗುವುದಿಲ್ಲ, ತೆರೆದುಕೊಂಡಿರುವುದು ತುಂಬಿದ ಒಂದೇ ಆಗಿರುತ್ತದೆ. ಇನ್ನೊಂದು ನಮ್ಮ ಮಲೆನಾಡಿಗೇ ಸೇರಿದ ಕಾರಣ: ಮಾಳಿಗೆಯ ಮತ್ತು ಅಂಗಳದ ಮಳೆನೀರಿನ ಪೈಪನ್ನು ಒಳಚರಂಡಿಗೆ ಸೇರಿಸುವುದು. ಮೊದಲ ಮಳೆಗೆ ಅಂಗಳದ ಕೆಮ್ಮಣ್ಣು, ಕಟ್ಟಡದ ಜಲ್ಲಿಯ ಚೂರು, ತೆಂಗಿನ ನಾರು ಎಲ್ಲ ಲೈನಿಗೆ ಇಳಿದು, ಬೇಸಿಗೆಯಿಡೀ ಕೊಳೆತ ಹೂಳಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ಬಟ್ಟೆ, ಪ್ಲಾಸ್ಟಿಕ್ ಸೇರಿ ಗಂಟಾದರೆ ನಾಝಲ್ ತಿರುಗಿಬರುತ್ತದೆ. ಆಗ "ಒಬ್ಬರನ್ನು ಇಳಿಸಿ, ಐದು ನಿಮಿಷದ ಕೆಲಸ" ಎನ್ನುವ ದನಿ ಅಧಿಕಾರಿಯದೇ ಆಗಬೇಕಿಲ್ಲ. ಬಾಗಿಲಲ್ಲಿ ನಿಂತ ಮನೆಯವರದೂ ಆಗಿರುತ್ತದೆ.

ಹಾಗೆ ಹೇಳುವವರಿಗೆ ಕಾನೂನು ತಿಳಿದಿರಲಿ. ಕೈಯಿಂದ ಮಲ ಬಾಚುವ ಕೆಲಸವನ್ನು ನಿಷೇಧಿಸಿದ 2013ರ ಕೇಂದ್ರ ಕಾಯ್ದೆ ಚರಂಡಿ ಮತ್ತು ಶೌಚಗುಂಡಿಯ ಅಪಾಯಕಾರಿ ಶುಚಿಗೊಳಿಸುವಿಕೆಗೆ ಜನರನ್ನು ತೊಡಗಿಸುವುದನ್ನು ಸ್ಥಳೀಯ ಸಂಸ್ಥೆಗೆ ಮಾತ್ರವಲ್ಲ, ಪ್ರತಿಯೊಬ್ಬ ವ್ಯಕ್ತಿಗೂ ನಿಷೇಧಿಸುತ್ತದೆ. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಚರಂಡಿ ಸಾವಿಗೆ 2014ರಲ್ಲಿ 10 ಲಕ್ಷ ರೂಪಾಯಿ ಪರಿಹಾರ ನಿಗದಿಪಡಿಸಿದ್ದ ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಆದರೆ ಈ ಕಾಯ್ದೆಯಲ್ಲಿ ನನಗೆ ಒಪ್ಪಿಗೆಯಾಗದ ಒಂದು ಸಡಿಲವಿದೆ. ರಕ್ಷಣಾ ಸಲಕರಣೆ ಕೊಡದೆ, ಮುನ್ನೆಚ್ಚರಿಕೆ ಪಾಲಿಸದೆ ಇಳಿಸಿದರೆ ಮಾತ್ರ ಅದು "ಅಪಾಯಕಾರಿ" ಎಂದಾಗುತ್ತದೆ. ಗೋದಾಮಿನಲ್ಲಿರುವ ಬೂಟು, ಕೈಗವಸುಗಳ ಪಟ್ಟಿ ತೋರಿಸಿ ಜಾರಿಕೊಳ್ಳಲು ಇಷ್ಟು ಸಾಕು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟ ರಾಜ್ಯ ನಮ್ಮದು. ಬಕೆಟ್ಟನ್ನು ತಲೆಯಿಂದ ಇಳಿಸಿದ ಮೇಲೆ ಅದೇ ಸಮುದಾಯದ ಜನರನ್ನು ಗುಂಡಿಗೆ ಇಳಿಸುತ್ತಿರುವುದಕ್ಕೆ ಯಾವ ಸಲಕರಣೆಯ ಪಟ್ಟಿಯೂ ಸಮರ್ಥನೆಯಾಗಲಾರದು.

ಕಳೆದ ತಿಂಗಳು ಆ ಹಳೆಯ ಓಣಿಗೆ ಮತ್ತೆ ಹೋಗಿದ್ದೆ. ಅಂದಿನ ನಕ್ಷೆಯ ನೆನಪಿನ ಮೇಲೆ ನಡೆದು ನೋಡಿದರೆ, ಇರಬೇಕಾದ ಆರು ಮುಚ್ಚಳಗಳಲ್ಲಿ ಕಣ್ಣಿಗೆ ಬಿದ್ದದ್ದು ನಾಲ್ಕು. ಅಂದು ನಾವು ಮನುಷ್ಯನನ್ನು ಇಳಿಸಿದ ಮ್ಯಾನ್‌ಹೋಲ್‌ನ ಕೆಳಗಿನದೇ ಡಾಂಬರಿನಡಿ ಹೋಗಿದೆ. ಓಣಿಯ ಇಬ್ಬರು ಹುಡುಗರ ಜೊತೆ ಟೇಪು ಹಿಡಿದು ಅಳೆದು, ಅದು ಇರಬೇಕಾದ ಜಾಗಕ್ಕೆ ಸುಣ್ಣದಲ್ಲಿ ಗುರುತು ಹಾಕಿ, ಫೋಟೊದೊಂದಿಗೆ ವಾರ್ಡಿನ ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ. ಮಳೆ ಹಿಡಿಯುವ ಮೊದಲು ಆ ಮುಚ್ಚಳ ರಸ್ತೆಯ ಮಟ್ಟಕ್ಕೆ ಬಂದರೆ, ಮುಂದಿನ ಸಲ ಅಲ್ಲಿ ಲೈನ್ ಕಟ್ಟಿಕೊಂಡಾಗ ನಾಝಲ್ ಇಳಿಸಲು ಜಾಗವಿರುತ್ತದೆ.