ಅಳಿಲು ಕಿಟ್ಟಿ ಬಣ್ಣದ ಡಬ್ಬಿ ಮಾರಬಾರದು

ಇವತ್ತು ಬೆಳಿಗ್ಗೆಯಿಂದ ತಲೆ ಬಿಸಿಯಾಗಿದೆ. ಮಕ್ಕಳ ಯೂಟ್ಯೂಬ್ ಚಾನೆಲ್ ಒಂದರವರು ಸ್ಕ್ರಿಪ್ಟ್ ಕಳಿಸಿದ್ದರು. "ಮೇಡಂ, ಕನ್ನಡ ಸ್ವಲ್ಪ ಸರಿ ಮಾಡಿಕೊಡಿ, ಮಿಕ್ಕಿದ್ದೆಲ್ಲ ಫೈನಲ್ ಆಗಿದೆ" ಅಂತ ಮೆಸೇಜು. ಮೈಸೂರಿನಲ್ಲಿ ಕೂತು ನಾನು ಮಾಡೋದು ಇದೇ ಕೆಲಸ ಅಂತ ನಿಮಗೆಲ್ಲ ಗೊತ್ತಲ್ವಾ, ಖುಷಿಯಿಂದಲೇ ತೆಗೆದು ನೋಡಿದೆ. ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ನಾಲ್ಕು ನಿಮಿಷದ ಕಥೆ.

ಕಥೆ ಇಷ್ಟು. ಅಳಿಲು ಕಿಟ್ಟಿ ಶಾಲೆಗೆ ಹೋಗುತ್ತಾನೆ. ಎಲ್ಲರ ಹತ್ತಿರವೂ 24 ಬಣ್ಣದ ಹೊಸ ಕ್ರೆಯಾನ್ ಡಬ್ಬಿ. ಇವನ ಹತ್ತಿರ ಮುರಿದ ಹಳೇ ಬಣ್ಣಗಳು. ಯಾರೂ ಇವನನ್ನು ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ. ಕಿಟ್ಟಿ ಅಳುತ್ತಾನೆ. ಅಮ್ಮ ಅದೇ ಡಬ್ಬಿ ತಂದುಕೊಡುತ್ತಾಳೆ. ಮಾರನೇ ದಿನ ಎಲ್ಲರೂ ಅವನ ಫ್ರೆಂಡ್ಸ್. ಕೊನೆಗೆ ಕಿಟ್ಟಿ ಕ್ಯಾಮೆರಾ ಕಡೆ ತಿರುಗಿ, "ಪುಟಾಣಿಗಳೇ, ನಿಮ್ಮ ಹತ್ರ ಇದೆಯಾ? ಇಲ್ವಾ? ಹಾಗಾದ್ರೆ ಈಗಲೇ ಅಮ್ಮಂಗೆ ಹೇಳಿ! ಸ್ಟಾಕ್ ಮುಗಿದುಹೋಗುತ್ತೆ!" ಅನ್ನುತ್ತಾನೆ.

ನನಗೆ ಸಿಟ್ಟು ಬಂದಿದ್ದು ಇದಕ್ಕೆ ಮಾತ್ರ ಅಲ್ಲ. ಇದೇ ಸ್ಕ್ರಿಪ್ಟಿನ ಮೊದಲ ಪುಟದಲ್ಲಿ ಒಂದು ವಾಕ್ಯ ಇದೆ, ಓದಿ ನೋಡಿ. "ತನ್ನ ಸಹಪಾಠಿಗಳ ಬಳಿಯಿದ್ದ ಇಪ್ಪತ್ತನಾಲ್ಕು ವರ್ಣಗಳನ್ನೊಳಗೊಂಡ ಆಕರ್ಷಕ ಪೆಟ್ಟಿಗೆಯನ್ನು ಕಂಡ ಕಿಟ್ಟಿಯು ದುಃಖಿತನಾದನು." ನಾಲ್ಕು ವರ್ಷದ ಮಗು ಇದನ್ನು ಕೇಳಿ ಏನು ಮಾಡಬೇಕು? ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಯಾರು, ಏನಾಯಿತು ಅಂತ ಗೊತ್ತಾಗುವ ಹೊತ್ತಿಗೆ ಮಗು ಹಿಂದಿನದ್ದೆಲ್ಲ ನೆನಪಲ್ಲಿ ಹಿಡಿದುಕೊಂಡಿರಬೇಕು. ದೊಡ್ಡವರು ಹಿಡಿದುಕೊಳ್ಳುತ್ತೇವೆ, ಸಣ್ಣ ಮಕ್ಕಳ ಕೈಲಿ ಆಗುವುದಿಲ್ಲ. ಅದಕ್ಕೇ ನಾವು ಒಡೆದು ಬರೆಯುತ್ತೇವೆ. "ಕಿಟ್ಟಿ ಡಬ್ಬಿ ನೋಡಿದ. ಅದರಲ್ಲಿ ಎಷ್ಟೊಂದು ಬಣ್ಣ! ಕಿಟ್ಟಿಗೆ ಬೇಜಾರಾಯ್ತು." ಒಂದು ವಾಕ್ಯಕ್ಕೆ ಒಂದೇ ಕೆಲಸ. ಹೊಸ ಪದ ಬಂದರೆ ಅದನ್ನು ಕಥೆಯೊಳಗೇ ಮತ್ತೆ ಎರಡು ಸಲ ಬರುವ ಹಾಗೆ ಮಾಡುತ್ತೇವೆ.

ಈಗ ಕೊನೆಯ ಸಾಲನ್ನು ಮತ್ತೊಮ್ಮೆ ನೋಡಿ. "ಈಗಲೇ ಅಮ್ಮಂಗೆ ಹೇಳಿ." ಮೂರೇ ಪದ. ಮನೆಮಾತು. ಮಗುವಿಗೆ ನೇರ ಒಂದು ಕೆಲಸ. ಇಡೀ ಸ್ಕ್ರಿಪ್ಟಿನಲ್ಲಿ ಮಗುವಿನ ವಯಸ್ಸಿಗೆ ಸರಿಯಾಗಿ ಬರೆದಿರುವುದು ಮಾರುವ ಸಾಲುಗಳನ್ನು ಮಾತ್ರ! ಅಂದರೆ ಬರೆದವರಿಗೆ ಮಕ್ಕಳ ಭಾಷೆ ಚೆನ್ನಾಗಿಯೇ ಗೊತ್ತು. ಕಥೆಗೆ ಅದನ್ನು ಬಳಸುವ ಶ್ರಮ ತೆಗೆದುಕೊಂಡಿಲ್ಲ, ಮಾರೋದಕ್ಕೆ ಮಾತ್ರ ತೆಗೆದುಕೊಂಡಿದ್ದಾರೆ. ಇದನ್ನು ನೋಡಿದ ಮೇಲೆ ನನಗೆ ಸುಮ್ನೆ ಕೂರೋಕೆ ಆಗಲಿಲ್ಲ.

ಮಧ್ಯಾಹ್ನ ಮಂಡ್ಯದಿಂದ ಅಕ್ಕ ಬಂದಿದ್ದಳು, ಜೊತೆಗೆ ಐದು ವರ್ಷದ ಮಗಳು. ನಾನು ಯಾವ ಸ್ಕ್ರಿಪ್ಟನ್ನೂ ಒಂದು ಮಗುವಿಗೆ ಓದಿ ಹೇಳದೆ ಕಳಿಸುವುದಿಲ್ಲ. ಓದಿ ಮುಗಿಸಿ, ಹಾಳೆ ಮುಚ್ಚಿಟ್ಟು, "ಏನಾಯ್ತು ಕಥೇಲಿ?" ಅಂತ ಕೇಳುತ್ತೇನೆ. ಇವಳಿಗೆ ಆ ಉದ್ದದ ವಾಕ್ಯದ ಒಂದು ಅಕ್ಷರವೂ ನೆನಪಿರಲಿಲ್ಲ. "ಕಿಟ್ಟಿನ ಯಾರೂ ಆಟಕ್ಕೆ ಸೇರಿಸ್ಕೊಳ್ಳಲಿಲ್ಲ, ಡಬ್ಬಿ ಇರ್ಲಿಲ್ಲ ಅಲ್ವಾ ಚಿಕ್ಕಮ್ಮ" ಅಂದಳು. ಆಮೇಲೆ ಸೀದಾ ಅಕ್ಕನ ಹತ್ತಿರ ಹೋಗಿ, "ಅಮ್ಮಾ, ಸ್ಟಾಕ್ ಮುಗಿದ್ರೆ ನನ್ನೂ ಸೇರಿಸ್ಕೊಳ್ಳಲ್ವಾ?" ಅಂತ ಕೇಳಿದಳು. ಸ್ಟಾಕ್ ಅಂದರೆ ಏನು ಅಂತಲೂ ಗೊತ್ತಿಲ್ಲ ಆ ಮಗುವಿಗೆ. ಹೆದರಿಕೆ ಮಾತ್ರ ಹೋಗಿ ತಾಗಿದೆ.

ಇದನ್ನು ನಾನೊಬ್ಬಳೇ ತಪ್ಪು ಅನ್ನುತ್ತಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಅದರಲ್ಲಿ ಮಕ್ಕಳಿಗೇ ಒಂದು ಭಾಗ ಇದೆ. ಕೊಂಡುಕೊಳ್ಳಿ ಅಂತ ಮಕ್ಕಳಿಗೆ ನೇರವಾಗಿ ಹೇಳುವಂತಿಲ್ಲ, ಅಪ್ಪ ಅಮ್ಮನನ್ನು ಒಪ್ಪಿಸಿ ಅಂತಲೂ ಹೇಳುವಂತಿಲ್ಲ. ಆ ವಸ್ತು ಇಲ್ಲದಿದ್ದರೆ ಬೇರೆಯವರು ನಗುತ್ತಾರೆ, ನೀನು ಕಡಿಮೆ ಅನ್ನುವ ಭಾವನೆ ಹುಟ್ಟಿಸುವಂತಿಲ್ಲ. ಕಿಟ್ಟಿಯ ಕಥೆ ಎರಡನ್ನೂ ಮುರಿದಿದೆ.

"ನಾವೆಲ್ಲ ಟಿವಿ ಜಾಹೀರಾತು ನೋಡ್ಕೊಂಡೇ ಬೆಳೆದಿಲ್ವಾ, ಏನಾಯ್ತು?" ಅಂತ ಕೇಳುವವರು ಇದ್ದೀರಿ, ನನಗೆ ಗೊತ್ತು. ಆಗ ಕಥೆ ನಿಲ್ಲುತ್ತಿತ್ತು, ಜಾಹೀರಾತು ಬರುತ್ತಿತ್ತು, ಮತ್ತೆ ಕಥೆ ಶುರುವಾಗುತ್ತಿತ್ತು. ಇಲ್ಲಿ ಮಾರುತ್ತಿರುವುದು ಕಿಟ್ಟಿಯೇ. ಮಗುವಿನ ಪಾಲಿಗೆ ಅವನು ಗೆಳೆಯ. ಜಾಹೀರಾತು ಇರೋದೇ ನಮ್ಮ ಕೈಲಿ ಕೊಳ್ಳಿಸೋದಕ್ಕೆ ಅನ್ನುವುದು ಸುಮಾರು ಏಳೆಂಟು ವರ್ಷದ ತನಕ ಮಕ್ಕಳಿಗೆ ಸರಿಯಾಗಿ ಅರ್ಥವಾಗುವುದಿಲ್ಲ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2004ರಲ್ಲೇ ವರದಿ ಕೊಟ್ಟಿದೆ. ಕಾರ್ಯಕ್ರಮದ ಪಾತ್ರವೇ ತನ್ನ ಕಾರ್ಯಕ್ರಮದಲ್ಲಿ ಮಕ್ಕಳಿಗೆ ವಸ್ತು ಮಾರಬಾರದು ಅಂತ ಅಲ್ಲಿನ ಸಂವಹನ ಆಯೋಗ 1974ರಲ್ಲೇ ಟಿವಿಯವರಿಗೆ ಹೇಳಿತ್ತು. ಮೂಲೆಯಲ್ಲಿ ಸಣ್ಣದಾಗಿ 'ಪ್ರಾಯೋಜಿತ' ಅಂತ ಹಾಕಿದರೆ ಆಯಿತು ಅನ್ನುತ್ತಾರೆ. ಓದೋಕೇ ಬಾರದ ಮಗುವಿಗೆ ಅದನ್ನು ಹಾಕಿ ಏನು ಪ್ರಯೋಜನ?

ಇನ್ನೊಂದು ವಾದ ದುಡ್ಡಿನದು. 2020ರಿಂದ ಯೂಟ್ಯೂಬ್ ಮಕ್ಕಳ ವಿಡಿಯೋಗಳಿಗೆ, ನೋಡುವವರ ಆಸಕ್ತಿ ನೋಡಿ ಹಾಕುವ ಜಾಹೀರಾತು ನಿಲ್ಲಿಸಿತು, ಆದಾಯ ಕಡಿಮೆಯಾಯಿತು, ಚಾನೆಲ್ ನಡೀಬೇಕಲ್ಲ ಅಂತ. ನಿಜ, ಆ ಕಷ್ಟ ನನಗೂ ಗೊತ್ತು, ಅವರು ಕೊಡುವ ದುಡ್ಡಿನಲ್ಲೇ ನನ್ನ ಮನೆಯೂ ನಡೆಯುವುದು. ಹಾಗಿದ್ದರೆ ಡಬ್ಬಿ ಬಗ್ಗೆ ಅಪ್ಪ ಅಮ್ಮಂದಿರಿಗೆ ಹೇಳಿ. ಅವರಿಗೆ ಅಂತಲೇ ಬೇರೆ ವಿಡಿಯೋ ಮಾಡಿ, ಬೆಲೆ ಹೇಳಿ, ಅವರು ಯೋಚನೆ ಮಾಡಿ ಕೊಳ್ಳಲಿ. ಐದು ವರ್ಷದ ಮಗುವನ್ನು ಏಜೆಂಟ್ ಮಾಡಿ ಮನೆಯೊಳಗೆ ಕಳಿಸಬೇಡಿ. ದುಡ್ಡು ಪಡೆದು ಪ್ರಚಾರ ಮಾಡಿದ ವಿಡಿಯೋವನ್ನು ಯೂಟ್ಯೂಬ್ ಕಿಡ್ಸ್ ಆ್ಯಪ್ ಹೇಗೂ ಇಟ್ಟುಕೊಳ್ಳುವುದಿಲ್ಲ.

ಸ್ಕ್ರಿಪ್ಟಿನಲ್ಲಿ "ಬೆಲ್ ಒತ್ತಿ, ಕಾಮೆಂಟ್ ಮಾಡಿ" ಅಂತಲೂ ಇತ್ತು. ಮಕ್ಕಳಿಗಾಗಿ ಅಂತ ಗುರುತು ಮಾಡಿದ ಚಾನೆಲ್ಲಿನಲ್ಲಿ ಬೆಲ್ಲೂ ಇರುವುದಿಲ್ಲ, ಕಾಮೆಂಟೂ ಇರುವುದಿಲ್ಲ. ಇಲ್ಲದ ಬಟನ್ನನ್ನು ಒತ್ತು ಅಂತ ಮಗುವಿಗೆ ಹೇಳುತ್ತಿದ್ದೇವೆ. ಆ ಸಾಲು ತೆಗೆದೆ.

ಆಮೇಲೆ ಕಥೆಯಿಂದ ಹೊಸ ಡಬ್ಬಿಯನ್ನೇ ತೆಗೆದು ನೋಡಿದೆ. ವಸ್ತು ತೆಗೆದ ಮೇಲೂ ಕಥೆ ಉಳಿದರೆ ಅದು ಕಥೆ. ಇಲ್ಲಿ ಏನೂ ಉಳಿಯಲಿಲ್ಲ. ಹಾಗಾಗಿ ಬೇರೆಯೇ ಬರೆದೆ. ಕಿಟ್ಟಿ ಮಾವಿನ ಮರ ಬರೆಯುತ್ತಿದ್ದಾನೆ. ಅರ್ಧಕ್ಕೇ ಹಸಿರು ಬಣ್ಣ ಮುಗಿಯುತ್ತದೆ. ಅವನ ಹತ್ತಿರ ಉಳಿದಿರುವುದು ಹಳದಿ, ನೀಲಿ, ಕೆಂಪು ತುಂಡುಗಳು. "ಎಲೆಗೆ ಏನು ಮಾಡೋಣ?" ಅಂತ ನೋಡುವ ಮಗುವನ್ನು ಕೇಳುತ್ತಾನೆ. ಇಲ್ಲಿ ಸ್ಕ್ರಿಪ್ಟಿನಲ್ಲಿ ನಾಲ್ಕು ಸೆಕೆಂಡ್ ಸುಮ್ಮನಿರಬೇಕು ಅಂತ ಬರೆದಿದ್ದೇನೆ, ಸಂಗೀತವೂ ಬೇಡ. ಮಗು ಯೋಚಿಸಿ ಬಾಯಿ ಬಿಡುವುದಕ್ಕೆ ಅಷ್ಟು ಹೊತ್ತು ಬೇಕು. ಎಡಿಟಿಂಗ್‌ನಲ್ಲಿ ಮೊದಲು ಕತ್ತರಿ ಬೀಳುವುದೇ ಇಂಥ ಜಾಗಕ್ಕೆ, ಅದಕ್ಕೇ ಕೆಂಪಿನಲ್ಲಿ ಗೆರೆ ಎಳೆದಿದ್ದೇನೆ. ಆಮೇಲೆ ಕಿಟ್ಟಿ ಹಳದಿ ತಿಕ್ಕುತ್ತಾನೆ, ಅದರ ಮೇಲೆ ನೀಲಿ ತಿಕ್ಕುತ್ತಾನೆ. "ಅರೆ, ಹಸಿರು!" ಕಥೆ ಅಲ್ಲಿಗೆ ಮುಗಿಯಿತು. ಏನನ್ನೂ ತರಿಸಬೇಕಾಗಿಲ್ಲ, ಮನೆಯಲ್ಲಿರುವ ತುಂಡು ಬಣ್ಣದಲ್ಲೇ ಮಗು ಮಾಡಿ ನೋಡಬಹುದು.

ಸಂಜೆ ಕಳಿಸಿದೆ. "ಕಥೆ ಚೆನ್ನಾಗಿದೆ ಮೇಡಂ, ಆದ್ರೆ ಸ್ಪಾನ್ಸರ್ ಒಪ್ಪಲ್ಲ, ಕೊನೇ ಎರಡು ಸಾಲು ಮಾತ್ರ ಇರಲಿ" ಅಂತ ಫೋನ್ ಬಂತು. ಆ ಎರಡು ಸಾಲು ಇರೋದಾದರೆ ನನ್ನ ಕಥೆ ಬೇಡ, ದುಡ್ಡೂ ಬೇಡ ಅಂದೆ. ಕೇಳಿ ಹೇಳ್ತೀವಿ ಅಂದಿದ್ದಾರೆ. ಈ ಕಡೆ ಮಕ್ಕಳ ಚಾನೆಲ್ಲಿಗೆ ಬರೆಯುವವರು ಇನ್ಯಾರಾದರೂ ಇದ್ದರೆ, ನಿಮಗೂ ಇಂಥ ಸಾಲು ಬರೀರಿ ಅಂತ ಹೇಳಿದ್ದರೆ, ಇನ್‌ಬಾಕ್ಸ್‌ಗೆ ಬನ್ನಿ. ಆ ಮಾರ್ಗಸೂಚಿಯ ಮಕ್ಕಳ ಭಾಗವನ್ನು ಸುಲಭ ಕನ್ನಡದಲ್ಲಿ ಬರೆದು ಇಟ್ಟುಕೊಂಡಿದ್ದೇನೆ, ಕಳಿಸುತ್ತೇನೆ.