ಎನಾಲಪ್ರಿಲ್ ಅರ್ಥವಾದರೆ ಲೊಸಾರ್ಟನ್ ಮುಕ್ಕಾಲು ಪಾಲು ಓದಿದ ಹಾಗೇ

ಪರೀಕ್ಷೆ ಹತ್ತಿರ ಬಂತೆಂದರೆ ನರ್ಸಿಂಗ್, ಫಾರ್ಮಸಿ, ಎಂಬಿಬಿಎಸ್ ವಿದ್ಯಾರ್ಥಿಗಳು ಫಾರ್ಮಕಾಲಜಿಯನ್ನು ಮಗ್ಗಿಯ ಹಾಗೆ ಉರು ಹೊಡೆಯಲು ಕೂರುತ್ತಾರೆ. ಎನಾಲಪ್ರಿಲ್‌ಗೆ ಒಣಕೆಮ್ಮು, ಪೊಟ್ಯಾಸಿಯಂ ಏರಿಕೆ, ಮುಖದ ಊತ, ಗರ್ಭಿಣಿಯರಿಗೆ ನಿಷಿದ್ಧ ಅಂತ ಒಂದು ಪಟ್ಟಿ. ರಾಮಿಪ್ರಿಲ್‌ಗೆ ಮತ್ತೆ ಅದೇ ಪಟ್ಟಿ. ಲೊಸಾರ್ಟನ್‌ಗೆ ಇನ್ನೊಂದು. ಮೂರು ದಿನ ಕಳೆಯುವಷ್ಟರಲ್ಲಿ ಯಾವ ಅಡ್ಡಪರಿಣಾಮ ಯಾವ ಮಾತ್ರೆಯದ್ದು ಅನ್ನುವುದೇ ಕಲಸಿಹೋಗಿರುತ್ತದೆ. ಓದುವ ಈ ಕ್ರಮವೇ ತಪ್ಪು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬಿಪಿ ಮಾತ್ರೆಗಳ ಎರಡು ಗುಂಪುಗಳನ್ನು ಇಟ್ಟುಕೊಂಡು ಯಾಕೆ ಅಂತ ಹೇಳುತ್ತೇನೆ.

ಒಂದು ಖಾಲಿ ಹಾಳೆಯಲ್ಲಿ ಈ ಸರಪಳಿ ಬರೆಯಿರಿ. ಲಿವರ್ ಆಂಜಿಯೋಟೆನ್ಸಿನೋಜನ್ ತಯಾರಿಸುತ್ತದೆ. ಕಿಡ್ನಿ ಬಿಡುವ ರೆನಿನ್ ಅದನ್ನು ಕತ್ತರಿಸಿದರೆ ಆಂಜಿಯೋಟೆನ್ಸಿನ್ 1 ಸಿಗುತ್ತದೆ. ಎಸಿಇ ಎಂಬ ಕಿಣ್ವ ಅದನ್ನು ಆಂಜಿಯೋಟೆನ್ಸಿನ್ 2 ಮಾಡುತ್ತದೆ. ಈ ಎರಡನೆಯದು ಎಟಿ1 ಗ್ರಾಹಕದ ಮೇಲೆ ಕೂತು ಮೂರು ಕೆಲಸ ಮಾಡುತ್ತದೆ: ರಕ್ತನಾಳಗಳನ್ನು ಬಿಗಿಯುತ್ತದೆ, ಪೊಟ್ಯಾಸಿಯಂ ಅನ್ನು ಮೂತ್ರಕ್ಕೆ ಕಳಿಸುವ ಆಲ್ಡೋಸ್ಟೆರಾನ್ ಹಾರ್ಮೋನನ್ನು ಬಿಡಿಸುತ್ತದೆ, ಕಿಡ್ನಿಯ ಸೋಸುಗಂಟಿನಿಂದ ರಕ್ತ ಹೊರಹೋಗುವ ನಾಳವನ್ನು ಕಿರಿದಾಗಿಸುತ್ತದೆ.

ಈಗ ಅದೇ ಹಾಳೆಯ ಮೇಲೆ ಎರಡು ಕಡೆ ಗೀಟು ಎಳೆಯಿರಿ. ‘ಪ್ರಿಲ್’ ಅಂತ ಮುಗಿಯುವವೆಲ್ಲ ಎಸಿಇ ಕಿಣ್ವವನ್ನು ತಡೆಯುತ್ತವೆ. ‘ಸಾರ್ಟನ್’ ಅಂತ ಮುಗಿಯುವವು ಎಟಿ1 ಗ್ರಾಹಕವನ್ನು ಮುಚ್ಚುತ್ತವೆ. ಇಲ್ಲಿಂದ ಮುಂದೆ ಬಾಯಿಪಾಠದ ಅಗತ್ಯವೇ ಕಡಿಮೆ. ನಾಳ ಸಡಿಲವಾಯಿತು, ಬಿಪಿ ಇಳಿಯಿತು. ಆಲ್ಡೋಸ್ಟೆರಾನ್ ಕಡಿಮೆಯಾಯಿತು, ಹಾಗಾಗಿ ಮೂತ್ರದಲ್ಲಿ ಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಉಳಿಯಿತು. ಇವೆರಡೂ ಎರಡು ಗುಂಪಿಗೂ ಒಂದೇ.

ಹಾಗಾದರೆ ಒಣಕೆಮ್ಮು ಪ್ರಿಲ್‌ಗಳಿಗೆ ಮಾತ್ರ ಯಾಕೆ ಅಂಟಿಕೊಂಡಿತು? ಎಸಿಇಗೆ ಇನ್ನೊಂದು ಕೆಲಸವಿದೆ, ಬ್ರಾಡಿಕೈನಿನ್ ಎಂಬ ವಸ್ತುವನ್ನು ಒಡೆಯುವುದು. ಕಿಣ್ವವನ್ನು ಕಟ್ಟಿಹಾಕಿದಾಗ ಬ್ರಾಡಿಕೈನಿನ್ ಉಳಿದುಕೊಂಡು ಶ್ವಾಸನಾಳದ ಕೆಮ್ಮಿನ ನರಗಳನ್ನು ಕೆರಳಿಸುತ್ತದೆ. ತುಟಿ, ನಾಲಿಗೆ ಊದಿಕೊಳ್ಳುವ ಅಪಾಯಕ್ಕೂ ಮುಖ್ಯವಾಗಿ ಇದೇ ಕಾರಣ. ಸಾರ್ಟನ್‌ಗಳು ಕಿಣ್ವವನ್ನು ಮುಟ್ಟುವುದಿಲ್ಲ, ಆದ್ದರಿಂದ ಕೆಮ್ಮಿನ ಕಾಟ ತೀರಾ ಕಡಿಮೆ.

ಒಂದು ಉದಾಹರಣೆಯಲ್ಲಿ ಇದನ್ನು ಪರೀಕ್ಷಿಸೋಣ. 58 ವರ್ಷದ ಮಹಿಳೆ, ಎನಾಲಪ್ರಿಲ್ ಶುರುವಾಗಿ ಮೂರು ವಾರ. ಕಫವಿಲ್ಲ, ಜ್ವರವಿಲ್ಲ, ಕೆಮ್ಮು ಮಾತ್ರ ಬಿಡುತ್ತಿಲ್ಲ, ಸಿರಪ್ ಕುಡಿದರೂ ಜಗ್ಗುತ್ತಿಲ್ಲ. ಪಟ್ಟಿ ಓದಿದವರು ಎನಾಲಪ್ರಿಲ್ ಬದಲು ರಾಮಿಪ್ರಿಲ್ ಅಂತ ಬರೆದುಬಿಡಬಹುದು. ಸರಪಳಿ ಬರೆದವರಿಗೆ ಅದೂ ಅದೇ ಕಿಣ್ವವನ್ನೇ ತಡೆಯುತ್ತದೆ, ಕೆಮ್ಮು ಮತ್ತೆ ಬರುತ್ತದೆ ಅಂತ ಹೊಳೆಯುತ್ತದೆ. ವೈದ್ಯರು ಟೆಲ್ಮಿಸಾರ್ಟನ್ 40 ಮಿಲಿಗ್ರಾಂಗೆ ಬದಲಿಸುತ್ತಾರೆ, ಕೆಲವು ವಾರಗಳಲ್ಲಿ ಕೆಮ್ಮು ಅಡಗುತ್ತದೆ.

ಆಮೇಲೆ ಮಂಡಿನೋವಿಗೆ ಆಕೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ದಿನವೂ ನುಂಗತೊಡಗುತ್ತಾರೆ. ಮೂತ್ರ ಹೆಚ್ಚಿಸುವ ಮಾತ್ರೆಯೂ ಜೊತೆಗಿದೆ. ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ 1.0 ಇದ್ದದ್ದು 1.8ಕ್ಕೆ ಏರುತ್ತದೆ. ಮತ್ತೆ ಹಾಳೆ ನೋಡಿ. ಸೋಸುಗಂಟಿಗೆ ರಕ್ತ ತರುವ ನಾಳವನ್ನು ತೆರೆದಿಡುವುದು ಪ್ರೋಸ್ಟಾಗ್ಲಾಂಡಿನ್, ನೋವಿನ ಮಾತ್ರೆ ಅದನ್ನು ಕಡಿಮೆ ಮಾಡಿತು. ಹೊರಹೋಗುವ ನಾಳವನ್ನು ಬಿಗಿಹಿಡಿದು ಒತ್ತಡ ಉಳಿಸುತ್ತಿದ್ದದ್ದು ಆಂಜಿಯೋಟೆನ್ಸಿನ್ 2, ಟೆಲ್ಮಿಸಾರ್ಟನ್ ಆ ಹಿಡಿತ ಬಿಡಿಸಿತು. ಮೂತ್ರದ ಮಾತ್ರೆಯಿಂದ ರಕ್ತದ ನೀರಿನಂಶವೂ ಇಳಿದಿದೆ. ಒಳಹರಿವು ಕಡಿಮೆ, ಹೊರಗಿನ ಬಾಗಿಲು ಸಡಿಲ, ಸೋಸಲು ಒತ್ತಡ ಎಲ್ಲಿಂದ ಬರಬೇಕು? ಇಂಥ ಮಾತ್ರೆ ಶುರುಮಾಡಿದ ಒಂದೆರಡು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡುವುದು ಇದಕ್ಕೇ. ಕ್ರಿಯಾಟಿನಿನ್ ಶೇ. 30ರೊಳಗೆ ಏರಿ ನಿಂತರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವುದಿಲ್ಲ. ಇಲ್ಲಿ ಶೇ. 80 ಏರಿದೆ, ಕಾರಣ ಹುಡುಕಲೇಬೇಕು.

ಗುಂಪು ಎಲ್ಲವನ್ನೂ ಹೇಳುವುದಿಲ್ಲ ಅನ್ನುವುದನ್ನೂ ಒಪ್ಪುತ್ತೇನೆ. ಕ್ಯಾಪ್ಟೊಪ್ರಿಲ್ ಬೇಗ ಇಳಿದುಹೋಗುತ್ತದೆ, ದಿನಕ್ಕೆ ಎರಡು ಮೂರು ಸಲ ಬೇಕು. ಎನಾಲಪ್ರಿಲ್ ಮುಖ್ಯವಾಗಿ ಲಿವರ್‌ನಲ್ಲಿ ಬದಲಾದ ಮೇಲೆಯೇ ಕೆಲಸಕ್ಕೆ ಬರುತ್ತದೆ, ಲಿಸಿನೊಪ್ರಿಲ್‌ಗೆ ಆ ಹಂಗಿಲ್ಲ. ಉರು ಹೊಡೆಯುವುದಿದ್ದರೆ ಈ ವ್ಯತ್ಯಾಸಗಳನ್ನು ಹೊಡೆಯಿರಿ, ಗುಂಪಿನ ಕೆಳಗೆ ಒಂದೊಂದು ಸಾಲಿನಲ್ಲಿ ಮುಗಿಯುತ್ತವೆ.

ಇನ್ನೊಂದು ಎಚ್ಚರ ಹೆಸರಿನ ಬಾಲದ ಬಗ್ಗೆ. ಒಮೆಪ್ರಜೋಲ್ ಹೊಟ್ಟೆಯ ಆಮ್ಲಕ್ಕೆ, ಅರಿಪಿಪ್ರಜೋಲ್ ಮಾನಸಿಕ ಕಾಯಿಲೆಗೆ, ಆಲ್ಬೆಂಡಜೋಲ್ ಜಂತುಹುಳಕ್ಕೆ, ಫ್ಲುಕೊನಜೋಲ್ ಶಿಲೀಂಧ್ರಕ್ಕೆ. ಬಾಲ ನೋಡಿ ಇವನ್ನು ಒಂದೇ ಗುಂಪಿಗೆ ಸೇರಿಸಿದರೆ ಉತ್ತರ ಪತ್ರಿಕೆಯಲ್ಲಿ ಅಂಕ ಹೋಗುತ್ತದೆ, ವಾರ್ಡಿನಲ್ಲಾದರೆ ರೋಗಿಗೇ ತೊಂದರೆ. ಮೊದಲು ಅದು ಯಾವ ಕಿಣ್ವ ಅಥವಾ ಗ್ರಾಹಕದ ಮೇಲೆ ಕೂರುತ್ತದೆ ಅಂತ ಬರೆಯಿರಿ, ಹೆಸರನ್ನು ಅದರ ಪಕ್ಕದಲ್ಲಿಡಿ.