ದೂರು ಬೇಡ, ಶಾಲು ತನ್ನಿ

ಸೋಮವಾರ ಬೆಳಗ್ಗೆ ನಮ್ಮ ಆಫೀಸಿನ ಫೆಸಿಲಿಟೀಸ್‌ನವರಿಂದ ಒಂದು ಮೇಲ್ ಬಂತು. ಚಳಿ ಚಳಿ ಅಂತ ಪದೇಪದೇ ಟಿಕೆಟ್ ಹಾಕುವವರು ದಯವಿಟ್ಟು ಮನೆಯಿಂದ ಒಂದು ಶಾಲು ತಂದುಕೊಳ್ಳಬೇಕಂತೆ. ಕೊನೆಯಲ್ಲಿ ಒಂದು ನಗುಮುಖ ಬೇರೆ.

ಹೊರಗೆ ಜುಲೈ ತಿಂಗಳ ಜಿಟಿಜಿಟಿ ಮಳೆ. 23 ಡಿಗ್ರಿ. ಬೇರೆ ಊರಿನವರು ದುಡ್ಡು ಕೊಟ್ಟು ಇಂಥ ಹವಾ ಹುಡುಕಿಕೊಂಡು ಹೋಗುತ್ತಾರೆ. ನಮಗೆ ಕಿಟಕಿ ತೆಗೆದರೆ ಪುಕ್ಕಟೆ. ಆದರೆ ನಮ್ಮ ಕಟ್ಟಡಕ್ಕೆ ಕಿಟಕಿಯೇ ಇಲ್ಲ, ಬರೀ ಗಾಜು. ಹಾಗಾಗಿ ತಣ್ಣಗಿರುವ ಊರೊಳಗೆ ಕರೆಂಟ್ ಸುಟ್ಟು 19 ಡಿಗ್ರಿಯ ಇನ್ನೊಂದು ಊರು ಕಟ್ಟಿಕೊಂಡಿದ್ದೇವೆ. ಅದರಲ್ಲಿ ಬದುಕುವುದಕ್ಕೆ ಸ್ವೆಟರ್, ಶಾಲು, ಬಿಸಿನೀರಿನ ಫ್ಲಾಸ್ಕು. ಬೆಂಗಳೂರಿನಲ್ಲಿ ಈಗ ಚಳಿಗಾಲ ಅನ್ನುವುದು ಬೆಳಗ್ಗೆ ಹತ್ತಕ್ಕೆ ಶುರುವಾಗಿ ಸಂಜೆ ಆರಕ್ಕೆ ಮುಗಿಯುತ್ತದೆ.

2025ರ ಜೂನ್‌ನಲ್ಲಿ ಏಸಿಗಳನ್ನು 20ಕ್ಕಿಂತ ಕೆಳಗೆ ಇಳಿಸಲಾಗದಂತೆ ಮಾಡುತ್ತೇವೆ ಅಂತ ಕೇಂದ್ರದ ಮಂತ್ರಿಗಳು ಹೇಳಿದ್ದು ನೆನಪಿದೆಯಲ್ಲ? ಆಗ ಎಷ್ಟು ಗಲಾಟೆ. ನಮ್ಮ ಮಲಗುವ ಕೋಣೆಗೂ ಸರ್ಕಾರ ಬಂತು ಅಂತ ಒಬ್ಬರು, ಇನ್ನು ಬದುಕುವುದು ಹೇಗೆ ಅಂತ ಇನ್ನೊಬ್ಬರು. ಅದಕ್ಕೂ ಮೊದಲೇ, 2020ರ ಜನವರಿಯಿಂದ, ಅಂಗಡಿಯಲ್ಲಿ ಸಿಗುವ ಸ್ಟಾರ್ ಗುರುತಿನ ರೂಮ್ ಏಸಿ ಆನ್ ಮಾಡಿದ ಕೂಡಲೇ 24ರಲ್ಲಿ ಶುರುವಾಗಬೇಕು ಅಂತ ನಿಯಮ ಬಂದಿತ್ತು. ಒಳ್ಳೆಯ ನಿಯಮವೇ. ಆದರೆ ಅದು ರಿಮೋಟ್ ಇರುವವರಿಗೆ. ನಮ್ಮ ಫ್ಲೋರಿನಲ್ಲಿ ರಿಮೋಟ್ ಇಲ್ಲ. ಗೋಡೆಯ ಮೇಲೊಂದು ಥರ್ಮೋಸ್ಟಾಟ್ ಇದೆ, ಅದರ ಮೇಲೊಂದು ಪ್ಲಾಸ್ಟಿಕ್ ಡಬ್ಬಿ, ಡಬ್ಬಿಗೊಂದು ಬೀಗ. ಬೀಗದ ಕೈ ಯಾರ ಹತ್ತಿರ ಅಂತ ನಾಲ್ಕು ವರ್ಷದಿಂದ ಕೇಳುತ್ತಿದ್ದೇನೆ. ಒಬ್ಬೊಬ್ಬರೂ ಇನ್ನೊಬ್ಬರ ಹೆಸರು ಹೇಳುತ್ತಾರೆ.

ಆ ಥರ್ಮೋಸ್ಟಾಟ್ ಇರುವ ಜಾಗವೇ ಒಂದು ಪವಾಡ. ಪಶ್ಚಿಮದ ಗಾಜಿನ ಪಕ್ಕ. ಮಧ್ಯಾಹ್ನ ಮೂರು ಗಂಟೆಗೆ ಬಿಸಿಲು ಅದರ ಮುಖಕ್ಕೇ ಬೀಳುತ್ತದೆ. ಪಾಪ, ಇಡೀ ಫ್ಲೋರು ಬೇಯುತ್ತಿದೆ ಅಂದುಕೊಂಡು ಅದು ಇನ್ನಷ್ಟು ತಣ್ಣನೆ ಗಾಳಿ ಕಳಿಸು ಅನ್ನುತ್ತದೆ. ಗಾಳಿ ಬರುವುದು ಒಳಗಿನ ಸಾಲಿನ ನನ್ನ ನೆತ್ತಿಗೆ. ಅಲ್ಲಿ ಸೂರ್ಯ ದರ್ಶನ ಕೊಟ್ಟಿದ್ದೇ ಇಲ್ಲ.

ಸಿನಿಮಾ ಹಾಲ್‌ನಲ್ಲಿ ಬೇರೆಯದೇ ತಮಾಷೆ. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದ ಹೆಚ್ಚುಕಮ್ಮಿ 100 ವಾಟ್ ಶಾಖ ಬರುತ್ತದೆ. ಹಳೇ ಕಾಲದ ಒಂದು ಬಲ್ಬ್ ಇದ್ದ ಹಾಗೆ. 250 ಸೀಟಿನ ಹಾಲ್ ತುಂಬಿದರೆ 250 ಬಲ್ಬ್ ಉರಿದಂತೆ. ಅದಕ್ಕೆ ತಕ್ಕ ಏಸಿ ಬೇಕೇ ಬೇಕು. ಆದರೆ ಕಳೆದ ಬುಧವಾರ ಮ್ಯಾಟಿನಿಗೆ ನಾವಿದ್ದದ್ದು ಹನ್ನೊಂದು ಜನ. 239 ಬಲ್ಬ್ ಗೈರುಹಾಜರು. ಏಸಿಗೆ ಮಾತ್ರ ಹೌಸ್‌ಫುಲ್ ಬೋರ್ಡು. ಇಂಟರ್ವಲ್‌ನಲ್ಲಿ ನನ್ನಾಕೆ ಪಾಪ್‌ಕಾರ್ನ್ ತಂದಿದ್ದು ತಿನ್ನುವುದಕ್ಕಲ್ಲ, ಕೈ ಬೆಚ್ಚಗೆ ಮಾಡಿಕೊಳ್ಳುವುದಕ್ಕೆ.

ಸರಿ, ಶಾಲು ತನ್ನಿ ಅಂದರಲ್ಲ, ತಂದೆ. ನಮ್ಮ ಮನೆಯಲ್ಲಿ ಶಾಲಿಗೇನು ಬರ. ನಮ್ಮ ಬಡಾವಣೆಯ ಕನ್ನಡ ಸಂಘದ ಕಾರ್ಯದರ್ಶಿಯಾಗಿದ್ದವನು ನಾನು. ಬೀರುವಿನಲ್ಲಿ ಸನ್ಮಾನದ ಶಾಲುಗಳು ಹದಿನಾಲ್ಕಿವೆ.

ಸನ್ಮಾನದ ಶಾಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಈ ನಾಡಿನಲ್ಲಿ ಒಬ್ಬರಿಂದ ಒಬ್ಬರಿಗೆ ಅತಿ ಹೆಚ್ಚು ದಾಟುವ ಬಟ್ಟೆ ಅದು, ಆದರೆ ಅದನ್ನು ಯಾರೂ ಹೊದ್ದುಕೊಳ್ಳುವುದಿಲ್ಲ. ಹೊದಿಸುತ್ತಾರೆ, ಫೋಟೋ ಆಗುತ್ತದೆ, ಎರಡು ಸೆಕೆಂಡಿಗೆ ತೆಗೆದು ಕುರ್ಚಿಯ ಮೇಲೆ ಇಡುತ್ತಾರೆ. ಮುಂದಿನ ರಾಜ್ಯೋತ್ಸವಕ್ಕೆ ಅದೇ ಶಾಲು ಇನ್ನೊಬ್ಬರ ಹೆಗಲಿಗೆ. ಒಮ್ಮೆ ನಾನೇ ಕೊಟ್ಟ ಶಾಲು ಮೂರು ವರ್ಷದ ಮೇಲೆ ನನಗೇ ವಾಪಸ್ ಬಂತು. ಅಂಚಿನಲ್ಲಿದ್ದ ಕುಂಕುಮದ ಕಲೆಯಿಂದ ಗುರುತು ಹಿಡಿದೆ. ಇತ್ತೀಚೆಗೆ ಏಸಿ ಸಭಾಂಗಣಗಳು ಬಂದ ಮೇಲೆ ಒಂದು ಬದಲಾವಣೆ ಕಂಡಿದ್ದೇನೆ. ಸನ್ಮಾನಿತರು ಶಾಲು ತೆಗೆಯುವುದಿಲ್ಲ. ಗೌರವ ಜಾಸ್ತಿಯಾಗಿ ಅಲ್ಲ, ಅಧ್ಯಕ್ಷರ ಭಾಷಣ ಇನ್ನೂ ಬಾಕಿ ಇರುತ್ತದೆ. ಮೈಸೂರು ಪೇಟವನ್ನೂ ಕಿವಿ ಮುಚ್ಚುವಷ್ಟು ಕೆಳಗೆ ಎಳೆದುಕೊಂಡಿರುತ್ತಾರೆ.

ಹದಿನಾಲ್ಕರಲ್ಲಿ ಚೆನ್ನಾಗಿರುವ ಒಂದನ್ನು, ಜರಿ ಅಂಚಿನದ್ದು, ಹೊದ್ದು ಕೂತೆ. ಅರ್ಧ ಗಂಟೆಗೆ ಬೆನ್ನು ಬೆವೆಯಿತು, ಕತ್ತು ಕೊರೆಯಿತು. ಎರಡೂ ಒಟ್ಟಿಗೆ. ಪಕ್ಕದ ಸೀಟಿನ ಅಕೌಂಟ್ಸ್ ಮೇಡಂ ನೋಡಿ ನಕ್ಕರು. ಅವರ ತಾಯಿಯ ಮನೆಯವರು ಗದಗಿನಲ್ಲಿ ಬಟ್ಟೆ ವ್ಯಾಪಾರದವರು.

"ಸರ್, ಅದು ಶಾಲಲ್ಲ. ಪ್ಲಾಸ್ಟಿಕ್ಕು."

"ಪಶ್ಮಿನಾ ಅಂತ ಬರೆದಿದೆ ಮೇಡಂ."

"ಬರೆಯೋಕೇನು ಸರ್. ಒಂದು ಎಳೆ ಸುಟ್ಟು ನೋಡಿ."

ಕ್ಯಾಂಟೀನಿನ ಹಿಂದೆ ಹೋಗಿ ಸೆಕ್ಯುರಿಟಿಯವರ ಹತ್ತಿರ ಬೆಂಕಿಪೊಟ್ಟಣ ತಗೊಂಡೆವು. ಕುಚ್ಚಿನಿಂದ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಹಚ್ಚಿದರೆ, ಅದು ಉರಿಯುವ ಬದಲು ಸುರುಟಿ ಕರಗಿತು. ತಣ್ಣಗಾದ ಮೇಲೆ ತುದಿಯಲ್ಲಿ ಸಾಸಿವೆಯಂಥ ಗಟ್ಟಿ ಮಣಿ. ಪಾಲಿಯೆಸ್ಟರ್. ಆಮೇಲೆ ಮೇಡಂ ತಮ್ಮ ಸ್ಟೋಲಿನ ಒಂದು ಎಳೆ ಕೊಟ್ಟರು. ಕೂದಲು ಸುಟ್ಟ ವಾಸನೆ ಬಂತು, ಬೂದಿ ಬೆರಳಲ್ಲಿ ಹಿಸುಕಿದರೆ ಪುಡಿಪುಡಿ. ಅದು ಉಣ್ಣೆ. ಮಾಲ್‌ನಲ್ಲಿ ಮುನ್ನೂರು ರೂಪಾಯಿಗೆ ಪಶ್ಮಿನಾ ಅಂತ ಮಾರುವ ಸ್ಟೋಲೂ ಒಂದು ತಂದು ನೋಡಿದೆವು. ಕಾಗದದ ಹಾಗೆ ಉರಿದು ಹಗುರ ಬೂದಿಯಾಯಿತು. ವಿಸ್ಕೋಸ್. ಹತ್ತಿಯೂ ಹಾಗೇ ಉರಿಯುತ್ತದೆ. ಉಂಗುರದೊಳಗೆ ತೂರಿಸಿ ತೋರಿಸುತ್ತಾರಲ್ಲ, ಅದನ್ನು ನಂಬಬೇಡಿ ಅಂದರು ಮೇಡಂ. ತೆಳ್ಳಗಿದ್ದರೆ ಎಲ್ಲವೂ ತೂರುತ್ತದೆ.

ಬೆನ್ನು ಬೆವೆತದ್ದೂ ಇದರಿಂದಲೇ. ಪಾಲಿಯೆಸ್ಟರ್ ನೀರು ಹೀರುವುದೇ ಇಲ್ಲ ಅನ್ನಬಹುದು. ಬೆವರು ಒಳಗೇ ನಿಂತು, ಆಮೇಲೆ ತಣ್ಣಗಾಗಿ ಮೈಗೇ ಅಂಟುತ್ತದೆ. ಉಣ್ಣೆ ಬೇಕಾದಷ್ಟು ಹೀರಿಯೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಅದರ ಎಳೆ ಗುಂಗುರು. ಆ ಸುರುಳಿಗಳ ಮಧ್ಯೆ ಗಾಳಿ ಸಿಕ್ಕಿಕೊಳ್ಳುತ್ತದೆ. ಬೆಚ್ಚಗಿಡುವುದು ಬಟ್ಟೆಯಲ್ಲ, ಸಿಕ್ಕಿಕೊಂಡ ಆ ಗಾಳಿ.

ನಮ್ಮ ಅಜ್ಜಿಗೆ ಇದು ಗೊತ್ತಿತ್ತು. ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಬೆರಳುದ್ದದ ದೂರದಲ್ಲಿ ಸಾಲಾಗಿ ಹೊಲಿಗೆ ಹಾಕಿ ಕೌದಿ ಮಾಡುತ್ತಿದ್ದರು. ಒಂದೊಂದು ಸೀರೆಯೂ ಆಚೆ ಕಾಣುವಷ್ಟು ಸವೆದಿರುತ್ತಿತ್ತು. ಐದು ಪದರ ಸೇರಿದರೆ ಧಾರವಾಡದ ಡಿಸೆಂಬರ್ ತಡೆಯುತ್ತಿತ್ತು. ದಪ್ಪನೆಯ ಒಂದಕ್ಕಿಂತ ತೆಳ್ಳನೆಯ ಎರಡು ವಾಸಿ ಅನ್ನುವುದಕ್ಕೆ ಅಜ್ಜಿ ಯಾವ ಬ್ರ್ಯಾಂಡಿನ ಜಾಹೀರಾತನ್ನೂ ನೋಡಿರಲಿಲ್ಲ. ಕುರಿ ಉಣ್ಣೆಯ ಕಂಬಳಿ ತಗೊಂಡು ಆಫೀಸಿಗೆ ಹೋಗಲಾ ಅಂತಲೂ ಯೋಚಿಸಿದ್ದೆ. ಬೆಚ್ಚಗೇನೋ ಇರುತ್ತದೆ, ಆದರೆ ನಮ್ಮ ದಖ್ಖನಿ ಕುರಿಯ ಎಳೆ ಒರಟು. ಬರೀ ಕತ್ತಿಗೆ ತಾಗಿದರೆ ಮೀಟಿಂಗ್ ತುಂಬ ಕೆರೆದುಕೊಳ್ಳುತ್ತಿರಬೇಕು.

ಈಗ ನಾನು ಮಾಡುವುದು ಇಷ್ಟು. ಸ್ಕೂಟರಿನಲ್ಲಿ ಹೆಬ್ಬಾಳ ದಾಟಿ ಬರುವಷ್ಟರಲ್ಲಿ ಹತ್ತಿ ಬನಿಯನ್ ಒದ್ದೆ. ಒದ್ದೆ ಹತ್ತಿಯ ಮೇಲೆ ಎಂಥ ಶಾಲು ಹೊದ್ದರೂ ದಂಡ. ಮೊದಲು ಬಾತ್‌ರೂಮಿಗೆ ಹೋಗಿ ಒಣಗಿದ ಬನಿಯನ್ ಹಾಕಿಕೊಳ್ಳುತ್ತೇನೆ. ಮೇಲೆ ಮಾಮೂಲಿ ಹತ್ತಿ ಶರ್ಟು. ಅದರ ಮೇಲೆ ಎರಡು ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲದ ತೆಳು ಉಣ್ಣೆ ಸ್ಟೋಲು. ಅದನ್ನು ಉದ್ದಕ್ಕೆ ಎರಡು ಮಡಿಕೆ ಮಾಡಿ ಕತ್ತಿನ ಸುತ್ತ ತಂದು, ಎರಡು ತುದಿಯನ್ನೂ ಎದೆಯ ಮೇಲೆ ಒಂದರ ಮೇಲೊಂದು ಹಾಕಿ ಬೆಲ್ಟಿನ ಒಳಗೆ ಸಿಗಿಸಬೇಕು. ಸಿಗಿಸಲೇಬೇಕು. ಇಳಿಬಿಟ್ಟರೆ ಕುರ್ಚಿಯ ಚಕ್ರ ಅದನ್ನು ನುಂಗುತ್ತದೆ. ಮ್ಯಾನೇಜರ್ ಕರೆದರು ಅಂತ ಎದ್ದವನು ಕತ್ತು ಬಿಗಿದು ಕುರ್ಚಿಗೇ ನಮಸ್ಕಾರ ಹೊಡೆದಿದ್ದೇನೆ.

ಇದಕ್ಕೂ ಒಂದು ಮಿತಿ ಇದೆ. ನೇರ ವೆಂಟ್ ಕೆಳಗೆ ಕೂತರೆ ಸಡಿಲ ನೇಯ್ಗೆಯ ಉಣ್ಣೆ ಸೋಲುತ್ತದೆ. ಬೀಸುವ ಗಾಳಿ ಒಳಗೆ ನುಗ್ಗಿ ಆ ಬೆಚ್ಚನೆ ಗಾಳಿಯನ್ನು ಹೊಡೆದುಕೊಂಡು ಹೋಗುತ್ತದೆ. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ ನೋಡಿ, ಆಚೆ ಕೈಗೆ ಗಾಳಿ ತಾಗಿದರೆ ವೆಂಟ್‌ನದೂ ತಾಗುತ್ತದೆ. ಅದರ ಮೇಲೆ ಒತ್ತು ನೇಯ್ಗೆಯ ತೆಳು ಖಾದಿ ಜಾಕೆಟ್ ಒಂದಿದ್ದರೆ ಆಯಿತು.

ಸ್ವೆಟರ್ ಯಾಕೆ ಬೇಡ ಅಂತ ಕೇಳುವವರು ಒಮ್ಮೆ ಮೆಟ್ರೋ ಹತ್ತಿ ನೋಡಿ. ಮಧ್ಯಾಹ್ನ ಖಾಲಿ ಬೋಗಿಯಲ್ಲಿ ಹಲ್ಲು ಕಟಕಟ. ಎರಡು ಸ್ಟೇಷನ್ ಆದ ಮೇಲೆ ಮೆಜೆಸ್ಟಿಕ್ ಬಂತು ಅಂದರೆ ಮುನ್ನೂರು ಬಲ್ಬ್ ಒಟ್ಟಿಗೆ ಒಳಗೆ. ಒಂದು ಕೈಯಲ್ಲಿ ಹಿಡಿಕೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ತಲೆಯ ಮೇಲಿಂದ ಸ್ವೆಟರ್ ಕಿತ್ತು ನೋಡಿ. ಮೊಣಕೈ ಯಾರ ಕನ್ನಡಕಕ್ಕೆ ಹೋಗುತ್ತದೋ. ಸ್ಟೋಲಾದರೆ ಒಂದೇ ಎಳೆತ.

ಎಲ್ಲರಿಗಿಂತ ಜಾಣತನ ಅಕೌಂಟ್ಸ್ ಮೇಡಂದು. ಅವರ ಇಳಕಲ್ ಸೀರೆಯ ಸೆರಗೇ ಅವರ ಥರ್ಮೋಸ್ಟಾಟ್. ಬೆಳಗ್ಗೆ ಪಿನ್ ಹಾಕಿದ ಸೆರಗು ಒಂದು ಹೆಗಲಿಗೆ. ಹನ್ನೊಂದಕ್ಕೆ ಪಿನ್ ತೆಗೆದು ಎರಡು ಹೆಗಲಿಗೂ. ಮೂರು ಗಂಟೆಗೆ ಕೈಗಳೂ ಒಳಗೆ, ಕತ್ತಿನ ಸುತ್ತ ಒಂದು ಸುತ್ತು. ಇದಕ್ಕೆ ಬೀಗವಿಲ್ಲ, ಡಬ್ಬಿಯಿಲ್ಲ.

ಆದರೆ ಒಂದು ದಿನ ಅವರು ಸಂಜೆ ಕೈ ತೋರಿಸಿದರು. ಬೆರಳ ತುದಿಗಳು ಬಿಳಿಚಿಕೊಂಡಿದ್ದವು. ಆಗ ನನಗೆ ತಮಾಷೆ ಅನ್ನಿಸಲಿಲ್ಲ. ಆಫೀಸುಗಳ ತಂಪಿನ ಲೆಕ್ಕ 1960ರ ದಶಕದ್ದು ಅಂತ 2015ರಲ್ಲಿ ನೆದರ್ಲೆಂಡ್ಸ್‌ನ ಇಬ್ಬರು ಸಂಶೋಧಕರು ತೋರಿಸಿದ್ದರು. ನಲವತ್ತು ವರ್ಷದ, 70 ಕೆಜಿ ತೂಕದ ಗಂಡಸಿನ ಮೈಶಾಖ ಇಟ್ಟುಕೊಂಡು ಮಾಡಿದ ಲೆಕ್ಕ. ಹೆಂಗಸರ ಮೈಶಾಖವನ್ನು ಅದು 35%ವರೆಗೂ ಜಾಸ್ತಿ ಹಿಡಿಯುತ್ತದೆ. ಆ ಗಂಡಸು ಇವತ್ತು ಬದುಕಿದ್ದರೆ ನೂರರ ಆಸುಪಾಸಿನಲ್ಲಿರುತ್ತಿದ್ದ. ಅವನಿಗೂ ಶಾಲು ಬೇಕಾಗುತ್ತಿತ್ತು. ನಮ್ಮ ಫ್ಲೋರ್ ಒರೆಸುವ ಅಮ್ಮಂದಿರಿಗೆ ತೆಳ್ಳನೆ ಸಮವಸ್ತ್ರ ಬಿಟ್ಟು ಬೇರೇನೂ ಹಾಕುವ ಹಾಗಿಲ್ಲ. ಒದ್ದೆ ಕೈಯಲ್ಲಿ 19 ಡಿಗ್ರಿ. ಅವರು ಟಿಕೆಟ್ ಹಾಕುವ ಹಾಗೂ ಇಲ್ಲ, ಅವರಿಗೆ ಲಾಗಿನ್ ಇಲ್ಲ. ಹೊರಗೆ ಗೇಟಿನ ಹತ್ತಿರ ನಿಂತ ಸೆಕ್ಯುರಿಟಿಯವನ ಬೆನ್ನಿಗೆ ಏಸಿಯ ಬಿಸಿಗಾಳಿ. ಇದೆಲ್ಲ ಸರಿಮಾಡಲು ಬೇಕಾದದ್ದು ಒಂದು ಬೀಗದ ಕೈ. ಸಾಕಾಗಿ ಹೋಗಿದೆ ರೀ.

ಕಳೆದ ಶುಕ್ರವಾರ ನಾನು, ಮೇಡಂ ಇಬ್ಬರೂ ಒಂದು ತೀರ್ಮಾನಕ್ಕೆ ಬಂದೆವು. ಸನ್ಮಾನದ ಶಾಲು ಮೈ ಬೆಚ್ಚಗಿಡದಿದ್ದರೂ ಗಾಳಿ ತಡೆಯುವುದರಲ್ಲಿ ಶೂರ. ಅಷ್ಟು ಒತ್ತು ನೇಯ್ಗೆ. ಕುರ್ಚಿ ಹತ್ತಿ, ನಿರಂತರ ಸೇವೆ ಸಲ್ಲಿಸಿದ ವೆಂಟ್‌ಗೆ ಜರಿ ಅಂಚಿನ ಶಾಲು ಹೊದಿಸಿ, ನಾಲ್ಕೂ ಮೂಲೆಗೆ ಟೇಪ್ ಹಚ್ಚಿದೆವು. ಸಾಲಿನವರೆಲ್ಲ ಚಪ್ಪಾಳೆ ತಟ್ಟಿದರು. ಯಾರೋ ಹಣ್ಣಿನ ಬುಟ್ಟಿ ಎಲ್ಲಿ ಸರ್ ಅಂದರು.

ಇಪ್ಪತ್ತು ನಿಮಿಷಕ್ಕೆ ಫೆಸಿಲಿಟೀಸ್‌ನಿಂದ ಇಬ್ಬರು ಏಣಿ ಹೊತ್ತುಕೊಂಡು ಓಡಿ ಬಂದರು. ಶಾಲು ಇಳಿಸಿ, ಮಡಿಸಿ, ನನ್ನ ಕೈಗೆ ಕೊಟ್ಟರು. ನಾಲ್ಕು ವರ್ಷದಲ್ಲಿ ಅವರ ಮುಖ ನೋಡಿದ್ದು ಅದೇ ಮೊದಲು.